ಎಂಸಿಬಿ ಬಿದ್ದಿಲ್ಲ, ಆದರೂ ಪ್ಲಗ್ ಯಾಕೆ ಬಿಸಿ?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಒಂದು ಹುಡುಗಿಯರ ಪಿಜಿಯಲ್ಲಿದ್ದೇನೆ, ಒಂದೇ ರೂಮಿನಲ್ಲಿ ಮೂವರು. ಕೆಟಲ್, ಇಂಡಕ್ಷನ್, ನೀರು ಕಾಯಿಸುವ ಕಾಯಿಲ್ ಯಾವುದೂ ಇಟ್ಟುಕೊಳ್ಳಬಾರದು ಅಂತ ಬೋರ್ಡ್ ಹಾಕಿದ್ದಾರೆ. ಭಾನುವಾರ ರಾತ್ರಿ ಊಟ ಇರಲ್ಲ, ಹಾಗಾಗಿ ಕದ್ದು ಕೆಟಲ್‌ನಲ್ಲೇ ಮ್ಯಾಗಿ ಮಾಡ್ಕೋತೀವಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದಾಗ ಪ್ಲಗ್ ಸ್ವಲ್ಪ ಬಿಸಿ ಆಗತ್ತೆ, ಆದರೆ ಎಂಸಿಬಿ ಒಂದ್ಸಲವೂ ಬಿದ್ದಿಲ್ಲ. ಇದು ನಿಜವಾಗ್ಲೂ ಅಪಾಯಾನಾ, ಇಲ್ಲ ಓನರ್ ಕರೆಂಟ್ ಬಿಲ್ ಉಳಿಸೋಕೆ ಹೇಳೋದಾ? ಇನ್ನೊಂದು, ರಾತ್ರಿ ಹತ್ತೂವರೆಗೆ ಗೇಟಿಗೆ ಬೀಗ ಹಾಕ್ತಾರೆ. ಬೆಂಕಿ ಬಿದ್ರೆ ಏನ್ ಮಾಡೋದು?

ಉತ್ತರ: ಬಿಲ್ಲಿನ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಒಂದು ಲೀಟರ್ ನೀರು ಕುದಿಯಲು 1500 ವ್ಯಾಟ್ ಕೆಟಲ್‌ಗೆ ನಾಲ್ಕು ನಿಮಿಷ ಸಾಕು. ಖರ್ಚಾಗುವುದು ಹೆಚ್ಚುಕಡಿಮೆ 0.1 ಯೂನಿಟ್. ನಿಮ್ಮ ಭಾನುವಾರದ ಮ್ಯಾಗಿಯಿಂದ ಯಾವ ಓನರೂ ಮುಳುಗುವುದಿಲ್ಲ. ಅವರ ಮನಸ್ಸಿನಲ್ಲಿ ಬಿಲ್ಲೇ ಇರಬಹುದು, ಆದರೆ ಬೋರ್ಡ್ ಮೇಲೆ ಬರೆದದ್ದು ಸರಿಯಾಗಿಯೇ ಇದೆ.

ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಕೆಟಲ್ ಅಲ್ಲ. ‘ಪ್ಲಗ್ ಸ್ವಲ್ಪ ಬಿಸಿ ಆಗತ್ತೆ, ಆದರೆ ಎಂಸಿಬಿ ಬಿದ್ದಿಲ್ಲ’ ಎಂಬ ಮಾತು. ವೈರಿಂಗ್ ತಪಾಸಣೆಗೆ ಹೋದ ಕಡೆಯೆಲ್ಲ ಇದೇ ಮಾತು ಕೇಳಿಸಿಕೊಂಡಿದ್ದೇನೆ, ಬೆಂಕಿ ಬಿದ್ದು ಆರಿದ ರೂಮುಗಳಲ್ಲೂ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿಯೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅದು ಬೀಳದಿದ್ದರೆ ಎಲ್ಲ ಸರಿಯಿದೆ ಎಂದು ಜನ ನಂಬಿದ್ದಾರೆ. ಎಂಸಿಬಿಗೆ ನಿಮ್ಮ ಎಕ್ಸ್‌ಟೆನ್ಷನ್ ಬಾಕ್ಸ್ ಇರುವುದೇ ಗೊತ್ತಿಲ್ಲ.

ನಿಮ್ಮ ರೂಮಿನ ಲೆಕ್ಕವನ್ನೇ ಹಾಕಿ ನೋಡೋಣ. ನಮ್ಮಲ್ಲಿ ಕರೆಂಟ್ 230 ವೋಲ್ಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1500 ವ್ಯಾಟಿನ ಕೆಟಲ್ ಎಳೆಯುವುದು 6.5 ಆಂಪಿಯರ್. ಅದೇ ಬಾಕ್ಸ್‌ನಲ್ಲಿ ಮೂರು ಲ್ಯಾಪ್‌ಟಾಪ್ ಚಾರ್ಜರ್ ಇದ್ದರೆ ಇನ್ನೊಂದು ಆಂಪಿಯರ್ ಹತ್ತಿರ. ಸೋಮವಾರದ ಬಟ್ಟೆಗೆ ಅಂತ ಒಬ್ಬರು ಅದೇ ಹೊತ್ತಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದರೆ ಮತ್ತೆ 4.3. ಒಟ್ಟು ಸುಮಾರು 12 ಆಂಪಿಯರ್. ಮಂಚದ ಪಕ್ಕದ ಗೋಡೆಯಲ್ಲಿರುವ ಚಿಕ್ಕ ಸಾಕೆಟ್‌ನ ಯೋಗ್ಯತೆ ಎಷ್ಟು? 6 ಆಂಪಿಯರ್. ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ, ಟಾರ್ಚ್ ಹಾಕಿ ನೋಡಿ. ಬಾಕ್ಸ್‌ನಲ್ಲಿ ನಾಲ್ಕು ತೂತು ಇವೆ ಎಂದ ಮಾತ್ರಕ್ಕೆ ನಾಲ್ಕು ಪಟ್ಟು ಕರೆಂಟ್ ಸಿಗುವುದಿಲ್ಲ. ನಾಲ್ಕರದ್ದೂ ಸೇರಿ ಗೋಡೆಯ ಆ ಒಂದೇ ಸಾಕೆಟ್‌ನ ಮೂಲಕವೇ ಹಾಯಬೇಕು.

ಈಗ ಎಂಸಿಬಿ ಕಡೆಗೆ ಬನ್ನಿ. ಕಾರಿಡಾರಿನ ಡಬ್ಬಿಯಲ್ಲಿ ನಿಮ್ಮ ರೂಮಿಗೆ 16 ಆಂಪಿಯರ್ ಎಂಸಿಬಿ ಹಾಕಿರುತ್ತಾರೆ ಎಂದಿಟ್ಟುಕೊಳ್ಳಿ. 12 ಅದಕ್ಕೆ ಏನೂ ಅಲ್ಲ. ಅಷ್ಟೇ ಅಲ್ಲ, ಮನೆ ಬಳಕೆಯ ಎಂಸಿಬಿ ತನ್ನ ಅಂಕಿಯ 1.13 ಪಟ್ಟು ಕರೆಂಟನ್ನು ಒಂದು ಗಂಟೆ ಹೊತ್ತರೂ ಬೀಳಬಾರದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಅದನ್ನು ಮಾಡುವಾಗಿನ ಮಾನದಂಡ. ಅಂದರೆ 18 ಆಂಪಿಯರ್ ಹರಿಯುತ್ತಿದ್ದರೂ ಅದು ನೆಟ್ಟಗೆ ನಿಂತಿರುತ್ತದೆ, 23 ಆಂಪಿಯರ್ ಆದರೂ ಅರ್ಧ ಗಂಟೆ ಮುಕ್ಕಾಲು ಗಂಟೆ ತೆಗೆದುಕೊಳ್ಳಬಹುದು. ಇದು ಅದರ ದೋಷವಲ್ಲ. ಅದನ್ನು ಕೂರಿಸಿದ್ದು ಗೋಡೆಯೊಳಗಿನ ದಪ್ಪ ವೈರನ್ನು ಕಾಯಲು. ಆ ವೈರ್ ಅಷ್ಟು ತಾಳುತ್ತದೆ. ರಸ್ತೆ ಬದಿಯಲ್ಲಿ ಇನ್ನೂರು ರೂಪಾಯಿಗೆ ಕೊಂಡ ಬಾಕ್ಸ್‌ನ ತೆಳು ವೈರ್ ತಾಳುವುದಿಲ್ಲ.

ಹಾಗಾದರೆ ಬೆಂಕಿ ಶುರುವಾಗುವುದು ಎಲ್ಲಿ? ವೈರಿನ ನಡುವೆ ಅಲ್ಲ. ಬಹುತೇಕ ಸಲ ಕೂಡುವ ಜಾಗದಲ್ಲಿ: ಪ್ಲಗ್‌ನ ಹಿತ್ತಾಳೆ ಪಿನ್ನು ಸಾಕೆಟ್ ಒಳಗಿನ ಹಿಡಿಕೆಗೆ ತಾಗುವಲ್ಲಿ, ಇಲ್ಲವೇ ಸಾಕೆಟ್ ಹಿಂದೆ ವೈರನ್ನು ಬಿಗಿದ ಸ್ಕ್ರೂನಲ್ಲಿ. ಪಿಜಿ ಸಾಕೆಟ್‌ಗೆ ವರ್ಷಕ್ಕೆ ಮೂರು ತಂಡ ಹುಡುಗಿಯರು ಬಂದು ಹೋಗುತ್ತಾರೆ, ದಿನಕ್ಕೆ ಹತ್ತು ಸಲ ಕೀಳುತ್ತಾರೆ, ಹಾಕುತ್ತಾರೆ. ಒಳಗಿನ ಹಿಡಿಕೆ ಸಡಿಲವಾಗುತ್ತದೆ. ಪ್ಲಗ್ ತಾನಾಗಿಯೇ ಜೋತು ಬೀಳುವುದನ್ನು ನೀವು ನೋಡಿರಬೇಕು, ಕಾಗದ ಮಡಚಿ ತುರುಕುವವರೂ ಇದ್ದಾರೆ. ಆ ಸಡಿಲ ಜಾಗದಲ್ಲಿ 0.2 ಓಮ್‌ನಷ್ಟು ಅಡ್ಡಿ ಹುಟ್ಟಿತು ಅನ್ನಿ. ಕೆಟಲ್ ಒಂದೇ ಓಡುವಾಗ ಅಲ್ಲಿ ಹುಟ್ಟುವ ಶಾಖ ಸುಮಾರು 8 ವ್ಯಾಟ್. ಪ್ಲಗ್ ಬೆಚ್ಚಗಾಗುತ್ತದೆ, ನೀವು ಬರೆದ ಹಾಗೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ 12 ಆಂಪಿಯರ್ ಹೋಗುವಾಗ ಅದೇ ಜಾಗದಲ್ಲಿ 29 ವ್ಯಾಟ್. ಮೊಬೈಲ್ ರಿಪೇರಿಯವರ ಕೈಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರುತ್ತದಲ್ಲ, ಅದು 25 ವ್ಯಾಟ್. ಅಂಥದ್ದೊಂದನ್ನು ನಿಮ್ಮ ದಿಂಬಿನ ಪಕ್ಕದ ಪ್ಲಾಸ್ಟಿಕ್ ಸಾಕೆಟ್ ಒಳಗೆ ಉರಿಯಲು ಬಿಟ್ಟ ಹಾಗೆ. ವೈರಿನ ಮೇಲಿನ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ ಅಷ್ಟೇ.

ಇಷ್ಟಾದರೂ ಕೆಟಲ್ ಎಂದಿನಂತೆ ನೀರು ಕುದಿಸುತ್ತಲೇ ಇರುತ್ತದೆ. 230 ವೋಲ್ಟಿನಲ್ಲಿ ಎರಡು ಚಿಲ್ಲರೆ ವೋಲ್ಟ್ ಆ ಸಡಿಲ ಜಾಗದಲ್ಲಿ ಸೋರಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿಲ್ಲ, ಎಂಸಿಬಿ ಬೀಳುವುದಿಲ್ಲ. ಕರೆಂಟ್ ನೆಲಕ್ಕೆ ಸೋರಿಲ್ಲ, ಶಾಕ್‌ನಿಂದ ಉಳಿಸಲು ಹಾಕಿದ ಆರ್‌ಸಿಸಿಬಿಯೂ ಬೀಳುವುದಿಲ್ಲ. ಇಬ್ಬರು ಕಾವಲುಗಾರರ ಕಣ್ಣಿಗೂ ಬೀಳದ ಜಾಗ ಅದು.

ಕೆಲ ವರ್ಷಗಳ ಹಿಂದೆ ಒಂದು ಪಿಜಿಗೆ ನನ್ನನ್ನು ಕರೆಸಿದ್ದರು. ಹಾಸಿಗೆಯ ಮೂಲೆ ಸುಟ್ಟಿತ್ತು, ಗೋಡೆಯ ಮೇಲೆ ಬಾಳೆ ಎಲೆಯ ಆಕಾರದ ಕರಿ. ಓನರ್ ‘ಶಾರ್ಟ್ ಸರ್ಕ್ಯೂಟ್ ಸರ್’ ಎಂದರು. ಡಬ್ಬಿ ತೆಗೆದು ನೋಡಿದರೆ ಆ ರೂಮಿನ ಎಂಸಿಬಿ ಇನ್ನೂ ಮೇಲಕ್ಕೇ ಇತ್ತು. ಸಾಕೆಟ್‌ನಿಂದ ಪ್ಲಗ್ ಕೀಳಲು ಹೋದರೆ ಬರಲಿಲ್ಲ, ಎರಡೂ ಕರಗಿ ಒಂದಾಗಿದ್ದವು. ಒಡೆದು ತೆಗೆದಾಗ ಮೂರು ಪಿನ್ನುಗಳಲ್ಲಿ ಎರಡು ಹಿತ್ತಾಳೆಯ ಬಣ್ಣದಲ್ಲೇ ಹೊಳೆಯುತ್ತಿದ್ದವು, ಒಂದು ಮಾತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ, ತುದಿಯಲ್ಲಿ ನೀಲಿ ತಿರುಗಿತ್ತು. ಆ ಒಂದು ಪಿನ್ನು ಎಷ್ಟೋ ವಾರಗಳಿಂದ ಸುಡುತ್ತಿತ್ತು. ಬಾಕ್ಸ್‌ನ ಉಳಿದ ವೈರನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಹಾಸಿಗೆಯ ಕೆಳಗೆ ತಳ್ಳಿದ್ದರು. ಅದೂ ತಪ್ಪೇ. ಬಿಡಿಸಿಟ್ಟ ವೈರಿನ ಶಾಖ ಗಾಳಿಗೆ ಹೋಗುತ್ತದೆ, ಸುತ್ತಿಟ್ಟರೆ ಸುರುಳಿಯೊಳಗೇ ಕೂರುತ್ತದೆ. ಆ ರೂಮಿನ ಹುಡುಗಿ ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ಎರಡು ವಾರದಿಂದ ಮೀನಿನ ವಾಸನೆ ಬರ್ತಿತ್ತು ಅಂಕಲ್, ನಾವು ಕೆಳಗಡೆ ಅಡುಗೆಮನೆದು ಅಂದ್ಕೊಂಡ್ವಿ.’ ಆ ಪಿಜಿ ಪೂರ್ತಿ ಸಸ್ಯಾಹಾರಿ.

ಆ ವಾಸನೆ ಗುರುತಿಟ್ಟುಕೊಳ್ಳಿ. ಸ್ವಿಚ್ಚು, ಸಾಕೆಟ್‌ಗಳ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಮೊದಲು ಬರುವುದು ಹೆಚ್ಚಾಗಿ ಮೀನಿನಂಥ ಕಮಟು, ಸುಟ್ಟ ವಾಸನೆ ಆಮೇಲೆ. ಸಾಕೆಟ್‌ನ ತೂತಿನ ಸುತ್ತ ಚಹಾ ಕಲೆಯಂಥ ಬಣ್ಣ, ಕಿವಿಗೊಟ್ಟರೆ ಚಿರ್ ಎನ್ನುವ ಸದ್ದು, ಕಿತ್ತ ಕೂಡಲೇ ಮುಟ್ಟಿದರೆ ಬೆರಳು ನಿಲ್ಲದಷ್ಟು ಬಿಸಿಯಾದ ಪಿನ್ನು, ಇವುಗಳಲ್ಲಿ ಒಂದು ಕಂಡರೂ ಆ ಸಾಕೆಟ್ ಬಳಸಬೇಡಿ. ಪ್ಲಗ್ ಬದಲಿಸಿದರೆ ಸಾಲದು. ಕಪ್ಪಾದ ಪಿನ್ನನ್ನು ಹೊಸ ಸಾಕೆಟ್‌ಗೆ ಹಾಕಿದರೆ ಅದನ್ನೂ ಕೆಡಿಸುತ್ತದೆ, ಸುಟ್ಟ ಸಾಕೆಟ್‌ಗೆ ಹೊಸ ಪ್ಲಗ್ ಹಾಕಿದರೂ ಅಷ್ಟೇ. ಎರಡೂ ಹೋಗಬೇಕು.

ಇನ್ನು ಮ್ಯಾಗಿ. ಕೆಟಲ್ ತಾನಾಗಿಯೇ ಆಫ್ ಆಗುವುದು ನೀರಿನ ಬಿಸಿ ಅಳೆದಲ್ಲ, ಆವಿಯಿಂದ. ನೀರು ಕುದಿದಾಗ ಮುಚ್ಚಳದ ಒಳಗೆ ತುಂಬಿದ ಆವಿ ಒಂದು ಕಿಂಡಿಯ ಮೂಲಕ ಸ್ವಿಚ್ ಬಳಿಯ ಸಣ್ಣ ಲೋಹದ ಬಿಲ್ಲೆಗೆ ತಾಗುತ್ತದೆ, ಬಿಲ್ಲೆ ಬಾಗುತ್ತದೆ, ಸ್ವಿಚ್ ಟಕ್ ಅನ್ನುತ್ತದೆ. ಮ್ಯಾಗಿ ತಿರುವಲು ನೀವು ಮುಚ್ಚಳ ತೆರೆದಿಟ್ಟರೆ ಆವಿ ಮೇಲೆ ಹೋಗಿಬಿಡುತ್ತದೆ, ಬಿಲ್ಲೆಗೆ ತಾಗುವುದೇ ಇಲ್ಲ. ಕೆಟಲ್ ಕುದಿಸುತ್ತಲೇ ಇರುತ್ತದೆ. ನೀರು ಪೂರ್ತಿ ಬತ್ತಿದರೆ ಕಾಪಾಡಲು ತಳದಲ್ಲಿ ಇನ್ನೊಂದು ಕಟ್‌ಔಟ್ ಇರುತ್ತದೆ, ಆದರೆ ಅದು ಕೊನೆಯ ಆಸರೆ, ದಿನಾ ಬಳಸಲು ಇಟ್ಟದ್ದಲ್ಲ. ಜೊತೆಗೆ ಮಸಾಲೆ ನೀರು ನೊರೆಯೆದ್ದು ಉಕ್ಕಿ, ಕೆಳಗಿನ ಪೀಠದ ನಡುವೆ ಇರುವ ಕನೆಕ್ಟರ್‌ಗೆ ಇಳಿಯುತ್ತದೆ. ಉಪ್ಪಿರುವ ನೀರು. ಅದು ಒಣಗಿದ ಮೇಲೂ ಉಳಿಯುವ ಪದರದ ಮೇಲೆ ಕರೆಂಟ್ ಕಿಡಿ ಹಾರಿಸುತ್ತದೆ. ನಿಮ್ಮ ಕೆಟಲನ್ನು ಎತ್ತಿ ಪೀಠ ನೋಡಿ, ಅಲ್ಲಿ ಹಳದಿ ಕಲೆಯೋ ಕರಿ ಚುಕ್ಕೆಯೋ ಇದ್ದರೆ ಅದರ ಆಯಸ್ಸು ಮುಗಿದಿದೆ. ಕೆಟಲ್ ನೀರಿಗೆ ಮಾತ್ರ. ಬೇಕಾದರೆ ಕುದಿದ ನೀರನ್ನು ಸ್ಟೀಲ್ ಡಬ್ಬಿಯಲ್ಲಿ ಮ್ಯಾಗಿಯ ಮೇಲೆ ಸುರಿದು ಐದಾರು ನಿಮಿಷ ಗಟ್ಟಿಯಾಗಿ ಮುಚ್ಚಿಡಿ. ಹಸಿವಿಗೆ ಅಷ್ಟು ಬೆಂದರೆ ಸಾಕು.

ಇಂಡಕ್ಷನ್ ಸ್ಟೌ ಬಗ್ಗೆ ಹೆಚ್ಚು ಹೇಳುವುದಿಲ್ಲ. 2000 ವ್ಯಾಟಿನದು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕೇ ಬೇಕು. ದಪ್ಪ ಪಿನ್ನು ಚಿಕ್ಕ ಸಾಕೆಟ್‌ಗೆ ಹೋಗದಿರುವುದು ಬೇಕೆಂದೇ ಮಾಡಿದ ಅಡ್ಡಗಟ್ಟೆ. ಅಂಗಡಿಯಲ್ಲಿ ಸಿಗುವ ಕನ್ವರ್ಟರ್ ಪ್ಲಗ್ ಆ ಅಡ್ಡಗಟ್ಟೆಯನ್ನು ಐವತ್ತು ರೂಪಾಯಿಗೆ ಒಡೆದು ಕೊಡುತ್ತದೆ. ಚಿಕ್ಕ ಪಿನ್ನು ಹಾಕಿಯೇ ಮಾರುವ ಕೆಟಲ್, ಸ್ಟೌಗಳೂ ಇವೆ, ಆದ್ದರಿಂದ ಪಿನ್ನನ್ನು ನಂಬದೆ ತಳದಲ್ಲಿ ಬರೆದ ವ್ಯಾಟ್ ನೋಡಿ.

ಕಾಯಿಲ್ ವಿಷಯದಲ್ಲಿ ಮಾತ್ರ ನಾನು ಓನರ್ ಪಕ್ಷ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಾಯಿಲ್ ಇಟ್ಟು, ಸ್ವಿಚ್ ಹಾಕಿ, ‘ಹತ್ತು ನಿಮಿಷ ಮಲಗ್ತೀನಿ’ ಅಂತ ಮಲಗಿದವರ ಕಥೆಗಳು ಒಂದೇ ಥರ ಮುಗಿಯುತ್ತವೆ: ನೀರು ಇಳಿಯುತ್ತದೆ, ಕಾಯಿಲ್ ಬರಿದಾಗುತ್ತದೆ, ಕೆಂಪಗೆ ಕಾಯುತ್ತದೆ, ಬಕೆಟ್ ಕರಗಿ ಹೊತ್ತಿಕೊಳ್ಳುತ್ತದೆ. ಕೆಟಲ್‌ನಲ್ಲಿರುವ ಕಟ್‌ಔಟ್ ಸಾಮಾನ್ಯ ಕಾಯಿಲ್‌ನಲ್ಲಿ ಇರುವುದೇ ಇಲ್ಲ. ಮೇಲೆ, ನೀರು ಕಾದಿದೆಯಾ ಅಂತ ಸ್ವಿಚ್ ತೆಗೆಯದೆ ಬೆರಳು ಅದ್ದುವುದು. ಬಿಸಿನೀರು ಸಿಗುತ್ತಿಲ್ಲವೆಂದರೆ ಸೋಲಾರ್, ಗೀಸರ್ ರಿಪೇರಿಗೆ ಜಗಳ ಮಾಡಿ, ಕಾಯಿಲ್ ಕೊಳ್ಳಬೇಡಿ.

ರೂಮಿನಲ್ಲಿ 5 ಕೆಜಿಯ ಚಿಕ್ಕ ಸಿಲಿಂಡರ್ ಇಡುವವರೂ ಇದ್ದಾರೆ, ಮುಖ್ಯವಾಗಿ ಹುಡುಗರ ಪಿಜಿಗಳಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಮಂಚದ ಕೆಳಗೆ ನೀರಿನ ಹಾಗೆ ನಿಲ್ಲುತ್ತದೆ, ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳುತ್ತದೆ. ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಪಕ್ಕದ ರೂಮಿನಿಂದ ವಾಸನೆ ಬಂದರೆ ಲೈಟ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಇದೆ. ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಹೋಗಿ, ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ.

ಹಾಗಾದರೆ ಭಾನುವಾರ ರಾತ್ರಿ ಉಪವಾಸವೇ? ಇಲ್ಲ. ನಿಷೇಧದ ಬೋರ್ಡ್ ಹಾಕಿ ಕೈತೊಳೆದುಕೊಳ್ಳುವ ಓನರ್‌ಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಬೋರ್ಡ್ ಹಾಕಿದ ಮಾತ್ರಕ್ಕೆ ಕೆಟಲ್ ಹೋಗುವುದಿಲ್ಲ, ಬೀರುವಿನೊಳಗೆ ಬಟ್ಟೆಗಳ ನಡುವೆ ಸೇರಿಕೊಳ್ಳುತ್ತದೆ, ವಾರ್ಡನ್ ಬಂದರು ಅಂದಾಗ ಬಿಸಿಯಿರುವಾಗಲೇ. ನೀವು ಹತ್ತು ಜನ ಸೇರಿ ಓನರ್ ಹತ್ತಿರ ಕೇಳಬೇಕಾದದ್ದು ಒಂದೇ: ಪ್ರತಿ ಮಹಡಿಯಲ್ಲಿ, ಆಗದಿದ್ದರೆ ಊಟದ ಕೋಣೆಯಲ್ಲಾದರೂ, ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಎರಡು 16 ಆಂಪಿಯರ್ ಸಾಕೆಟ್. ಒಂದೊಂದಕ್ಕೂ ಬೇರೆ ಎಂಸಿಬಿ, ಡಬ್ಬಿಯಿಂದ ನೇರ ಎಳೆದ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಒಂದು ಕೆಟಲ್, ಒಂದು ಇಂಡಕ್ಷನ್ ಅಲ್ಲೇ ಇರಲಿ, ಪರದೆ, ಹಾಸಿಗೆ ಹತ್ತಿರ ಇರಬಾರದು. ಒಬ್ಬ ಎಲೆಕ್ಟ್ರಿಶಿಯನ್‌ಗೆ ಒಂದು ದಿನದ ಕೆಲಸ. ಓನರ್‌ಗೂ ಇದರಲ್ಲಿ ಲಾಭವಿದೆ: ಹನ್ನೆರಡು ರೂಮಿನಲ್ಲಿ ಹನ್ನೆರಡು ಕೆಟಲ್ ಒಟ್ಟಿಗೆ ಓಡಿದರೆ 18 ಕಿಲೋವ್ಯಾಟ್. ಮನೆ ಕಟ್ಟಿ ಆಮೇಲೆ ಪಿಜಿ ಮಾಡಿದ ಎಷ್ಟೋ ಕಟ್ಟಡಗಳಲ್ಲಿ ಮಂಜೂರಾದ ಲೋಡ್ ಅಷ್ಟು ಇರುವುದೇ ಇಲ್ಲ, ಮೀಟರಿನ ಬಳಿಯೇ ಕೇಬಲ್ ಕಾಯಲು ಶುರುವಾಗುತ್ತದೆ.

ಒಪ್ಪದಿದ್ದರೆ ಹೇಳಲು ಇನ್ನೊಂದು ಮಾತು ಇಟ್ಟುಕೊಳ್ಳಿ. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿದಾಗ ಒಬ್ಬರಿಗೆ 70 ಚದರ ಅಡಿ ಜಾಗ, ಸಿಸಿಟಿವಿ ಇವುಗಳ ಜೊತೆ ಅಗ್ನಿ ಸುರಕ್ಷತೆಯನ್ನೂ ಸೇರಿಸಿತ್ತು. ನಿಮ್ಮ ರೂಮಿನಲ್ಲಿ ನಾಲ್ಕನೇ ಮಂಚ ಹಾಕಲು ಹೊರಟರೆ ಅದೂ ನೆನಪಿರಲಿ, ಮಂಚ ಹೆಚ್ಚಿದಷ್ಟೂ ಎಕ್ಸ್‌ಟೆನ್ಷನ್ ಬಾಕ್ಸ್ ಹೆಚ್ಚುತ್ತವೆ.

ಬೆಂಕಿ ಬಿದ್ದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಸಾಕೆಟ್‌ನಲ್ಲಿ ಕಿಡಿಯೋ ಹೊಗೆಯೋ ಕಂಡರೆ ಪ್ಲಗ್ ಹಿಡಿದು ಎಳೆಯಬೇಡಿ. ಕಾರಿಡಾರಿಗೆ ಹೋಗಿ ಡಬ್ಬಿಯಲ್ಲಿ ನಿಮ್ಮ ರೂಮಿನ ಎಂಸಿಬಿ ಇಳಿಸಿ. ಯಾವುದು ನಿಮ್ಮದು ಎಂದು ಈಗ ಗೊತ್ತಾ? ಇವತ್ತೇ ಒಂದೊಂದಾಗಿ ಇಳಿಸಿ ನೋಡಿ, ಮಾರ್ಕರ್‌ನಲ್ಲಿ ರೂಮ್ ನಂಬರ್ ಬರೆಯಿರಿ. ಕರೆಂಟ್ ಹೋಗಿದೆ ಎಂಬುದು ಖಾತ್ರಿಯಾಗುವ ತನಕ ನೀರು ಹಾಕಬಾರದು. ಕಾರಿಡಾರಿನಲ್ಲಿ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎಬಿಸಿ ಪುಡಿಯದಾಗಿದ್ದರೆ ವಿದ್ಯುತ್ ಬೆಂಕಿಗೂ ಆಗುತ್ತದೆ. ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಊಟಕ್ಕೆ ಇಳಿಯುವಾಗ ಕಣ್ಣು ಹಾಯಿಸಿ. ಪಿನ್ನು ಕಿತ್ತು, ಬೆಂಕಿಯ ಬುಡಕ್ಕೆ ಹಿಡಿದು ಒತ್ತಬೇಕು. ಹತ್ತು ಹದಿನೈದು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಆದ್ದರಿಂದ ಅದು ಸಾಕೆಟ್ ಮಟ್ಟದ ಬೆಂಕಿಗೆ ಮಾತ್ರ. ಹಾಸಿಗೆಗೆ ಹತ್ತಿತೆಂದರೆ ನಿಮ್ಮ ಕೆಲಸ ಮುಗಿಯಿತು. ಫೋಮ್ ಹಾಸಿಗೆಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಸಯನೈಡ್ ಅನಿಲ ಎರಡೂ ಇರುತ್ತವೆ, ನಾಲ್ಕು ಉಸಿರಿಗೆ ತಲೆ ತಿರುಗುತ್ತದೆ. ಎಲ್ಲರೂ ಹೊರಬಂದು, ಬಾಗಿಲು ಎಳೆದು ಮುಚ್ಚಿ. ಬೀಗ ಬೇಡ, ಮುಚ್ಚಿದರೆ ಸಾಕು. ಆ ಒಂದು ಬಾಗಿಲು ಹೊಗೆಯನ್ನು ಕೆಲವು ನಿಮಿಷ ರೂಮಿನಲ್ಲೇ ಹಿಡಿದಿಡುತ್ತದೆ, ಮೇಲಿನ ಮಹಡಿಯವರು ಇಳಿಯಲು ಆ ನಿಮಿಷಗಳೇ ಬೇಕು. ಆಮೇಲೆ 112ಕ್ಕೆ ಫೋನ್, ಕೂಗು, ಕದ ಬಡಿಯುವುದು.

ಬೆಂಕಿ ಕೆಳಗಿನ ಮಹಡಿಯಲ್ಲಿದ್ದು, ನೀವು ಬಾಗಿಲು ತೆರೆದಾಗ ಮೆಟ್ಟಿಲಲ್ಲಿ ಕಪ್ಪು ಹೊಗೆ ತುಂಬಿದ್ದರೆ ಅದರೊಳಕ್ಕೆ ನುಗ್ಗಬೇಡಿ. ಪಿಜಿಯ ಒಂಟಿ ಮೆಟ್ಟಿಲು ಆಗ ಒಲೆಯ ಚಿಮಣಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲೂ ಮೇಲಿನ ಮಹಡಿಯವರನ್ನು ಕಾಡಿದ್ದು ಜ್ವಾಲೆಯಲ್ಲ, ಹೊಗೆ. ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಹಾಗಾಗಿ ನೀವು ಮರಳಿ ರೂಮಿಗೆ ಬಂದು ಬಾಗಿಲು ಮುಚ್ಚಿ, ಟವೆಲ್ ನೆನೆಸಿ ಬಾಗಿಲ ಕೆಳಗಿನ ಸಂದಿಗೆ ತುರುಕಿ, ಕಿಟಕಿ ಬಳಿ ನಿಂತು ಮೊಬೈಲ್ ಟಾರ್ಚ್ ಆಡಿಸಿ, 112ಕ್ಕೆ ಮಹಡಿ ಮತ್ತು ರೂಮ್ ನಂಬರ್ ಹೇಳಿ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಮಸಿ ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್ ತಡೆಯುವುದಿಲ್ಲ. ಅದನ್ನು ನಂಬಿ ಮೆಟ್ಟಿಲಿಳಿಯಬೇಡಿ.

ಗೇಟಿನ ಬೀಗಕ್ಕೆ ಬರೋಣ. ಹುಡುಗಿಯರ ಪಿಜಿಗೆ ರಾತ್ರಿ ಬೀಗ ಹಾಕುವುದನ್ನು ತಂದೆತಾಯಿಯರೇ ಬಯಸುತ್ತಾರೆ, ಆ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯಲಾಗದ ಬೀಗ ಸಲ್ಲದು. ಹೊರಗಿನಿಂದ ಕೀಲಿ, ಒಳಗಿನಿಂದ ಚಿಲಕ ತಿರುಗಿಸಿದರೆ ತೆರೆಯುವ ಲಾಕ್‌ಗಳು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಅದನ್ನು ಹಾಕಿಸುವ ತನಕ ಒಂದು ಕೀಲಿ ಗೇಟಿನ ಒಳಬದಿಯಲ್ಲೇ, ಒಡೆಯಬಹುದಾದ ಗಾಜಿನ ಡಬ್ಬಿಯಲ್ಲಿರಲಿ. ಸೆಕ್ಯುರಿಟಿಯವರ ಜೇಬಿನಲ್ಲಿರುವ ಕೀಲಿ ಲೆಕ್ಕಕ್ಕಿಲ್ಲ, ಅವರು ಎರಡು ಗಂಟೆ ರಾತ್ರಿಯಲ್ಲಿ ಟೀ ಕುಡಿಯಲು ಹೋಗಿರುತ್ತಾರೆ. ಟೆರೇಸ್ ಬಾಗಿಲನ್ನೂ ನೋಡಿಬನ್ನಿ. ಬಟ್ಟೆ ಒಣಹಾಕಲು ಹಗಲು ತೆರೆದಿರುವುದು ರಾತ್ರಿಯೂ ತೆರೆದಿರುತ್ತದೆ ಎಂದುಕೊಳ್ಳಬೇಡಿ. ಒಂದು ರಾತ್ರಿ ಹನ್ನೊಂದು ಗಂಟೆಗೆ ನೀವೂ ನಿಮ್ಮ ರೂಮ್‌ಮೇಟೂ ಲೈಟ್ ಹಾಕದೆ ರೂಮಿನಿಂದ ಗೇಟಿನವರೆಗೆ ನಡೆದು, ದಾರಿಯಲ್ಲಿ ಏನೇನು ಕಾಲಿಗೆ ತೊಡರಿತು ಅಂತ ಬರೆದುಕೊಳ್ಳಿ. ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿಟ್ಟ ಯಾರದ್ದೋ ಎಲೆಕ್ಟ್ರಿಕ್ ಸ್ಕೂಟರ್ ಸಿಕ್ಕರೆ, ಓನರ್‌ಗೆ ಕೊಡುವ ಪಟ್ಟಿಯಲ್ಲಿ ಅದೇ ಮೊದಲು ಬರಲಿ.